ಫ್ರೆಂಚ್ ಜಾಹೀರಾತಿನ ಮೆಷಿನ್ ಇಂಗ್ಲಿಷನ್ನು ನಾನು ತಿದ್ದುವ ಬಗೆ

ಮೆಷಿನ್ ಅನುವಾದ ಈಗ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ತಿದ್ದುವವರಿಗೆ ಕಷ್ಟ ಇರುವುದೇ ಅಲ್ಲಿ. ವ್ಯಾಕರಣ ಸರಿ ಇದ್ದರೆ ಕಣ್ಣು ಸುಮ್ನೆ ಮುಂದಕ್ಕೆ ಹೋಗಿಬಿಡುತ್ತದೆ. ಅದಕ್ಕೇ ನಾನು ಮೊದಲು ಫ್ರೆಂಚ್ ವಾಕ್ಯ ಓದುತ್ತೇನೆ, ಇಂಗ್ಲಿಷ್ ನೋಡುವುದು ಆಮೇಲೆ.

ನಾನು ತಿದ್ದಿದ ಒಂದು ಮುಖದ ಕ್ರೀಮಿನ ವಿವರಣೆಯನ್ನೇ ತೆಗೆದುಕೊಳ್ಳೋಣ. ಫ್ರೆಂಚಿನಲ್ಲಿ ಇಂಥ ಕ್ರೀಮಿಗೆ ‘ಸ್ವ್ಯಾಂ’ ಅನ್ನುತ್ತಾರೆ. ಮೆಷಿನ್ ಅದನ್ನು ‘ಎ ಮಾಯಿಶ್ಚರೈಸಿಂಗ್ ಕೇರ್’ ಮಾಡಿತ್ತು. ಇಂಗ್ಲಿಷಿನಲ್ಲಿ ‘ಕೇರ್’ ಡಬ್ಬಿಯಲ್ಲಿ ಸಿಗುವ ವಸ್ತು ಅಲ್ಲ. ಉತ್ಪನ್ನದ ಚಿತ್ರ ನೋಡಿ ‘ಮಾಯಿಶ್ಚರೈಸರ್’ ಎಂದು ಬರೆದೆ. ಅದು ಚರ್ಮವನ್ನು ‘ಸ್ಯುಬ್ಲಿಮ್’ ಮಾಡುತ್ತದೆ, ಅಂದರೆ ಚೆಲುವು ಎದ್ದು ಕಾಣಿಸುತ್ತದೆ, ಎಂದು ಮುಂದಿನ ಸಾಲು. ಮೆಷಿನ್ ‘ಸಬ್ಲಿಮೇಟ್ಸ್ ದ ಸ್ಕಿನ್’ ಎಂದಿತ್ತು. ಇಂಗ್ಲಿಷ್ ಓದುಗರಿಗೆ ಅದು ಗಟ್ಟಿ ವಸ್ತು ನೇರವಾಗಿ ಆವಿಯಾಗುವ ಮಾತು! ಅದೇ ಪುಟದಲ್ಲಿ ಕಾಂತಿಯ ಪ್ರಸ್ತಾಪ ಇದ್ದುದರಿಂದ ‘ಬ್ರಿಂಗ್ಸ್ ಔಟ್ ಯುವರ್ ಸ್ಕಿನ್ಸ್ ಗ್ಲೋ’ ಎಂದು ತಿದ್ದಿದೆ.

ಇವು ಓದಿದ ಕೂಡಲೇ ವಿಚಿತ್ರ ಅನ್ನಿಸುತ್ತವೆ, ಹಾಗಾಗಿ ಸಿಕ್ಕಿಬೀಳುತ್ತವೆ. ನಾನು ಜಾಸ್ತಿ ಹೆದರುವುದು ಕೊಡುಗೆಯ ಸಾಲಿಗೆ. ‘ಲಿವ್ರೇಜೋಂ ಓಫೆರ್ತ್ ದೆ 60 € ದಾಶಾ’ ಎಂದು ಫ್ರೆಂಚ್. ಮೆಷಿನ್ ಕೊಟ್ಟಿದ್ದು ‘ಡೆಲಿವರಿ ಆಫರ್ಡ್ ಫ್ರಮ್ €60’. ಓದಿದವರಿಗೆ ಡೆಲಿವರಿಗೇ ಕನಿಷ್ಠ 60 ಯೂರೋ ಆಗುತ್ತದೆ ಅನ್ನಿಸುತ್ತದೆ, ಅಲ್ವಾ? ನಿಜವಾದ ಅರ್ಥ, ಕನಿಷ್ಠ 60 ಯೂರೋ ಬೆಲೆಯ ಖರೀದಿ ಮಾಡಿದರೆ ಡೆಲಿವರಿ ಉಚಿತ. ‘ಫ್ರೀ ಡೆಲಿವರಿ ಆನ್ ಆರ್ಡರ್ಸ್ ಆಫ್ €60 ಆರ್ ಮೋರ್’ ಎಂದು ಬರೆದೆ. ಇಲ್ಲಿ ‘ಓವರ್ €60’ ಕೂಡ ಆಗುವುದಿಲ್ಲ. ಸರಿಯಾಗಿ 60 ಯೂರೋ ಕೊಟ್ಟವರನ್ನು ಅದು ಹೊರಗಿಡುತ್ತದೆ. ಬೆಲೆಗಳನ್ನೂ ಒಂದೊಂದಾಗಿ ನೋಡುತ್ತೇನೆ, ಏಕೆಂದರೆ ಫ್ರೆಂಚಿನ 1 200,50 ಇಂಗ್ಲಿಷಿನಲ್ಲಿ 1,200.50 ಆಗಬೇಕು.

ಇನ್ನೊಂದು ಎಚ್ಚರ ನನ್ನ ಕೈಯ ಮೇಲೇ. ‘ಸುಕ್ಕು ಕಾಣುವುದನ್ನು ಕಡಿಮೆ ಮಾಡುತ್ತದೆ’ ಎಂಬ ಸಾಲನ್ನು ಚುರುಕು ಮಾಡಲು ಹೋಗಿ ‘ಸುಕ್ಕು ಕಡಿಮೆ ಮಾಡುತ್ತದೆ’ ಎಂದರೆ ಅದು ಬೇರೆಯೇ ಹೇಳಿಕೆ. ಯುರೋಪಿಯನ್ ಒಕ್ಕೂಟದ 655/2013 ನಿಯಮದ ಪ್ರಕಾರ ಸೌಂದರ್ಯವರ್ಧಕಗಳ ಬಗ್ಗೆ ಹೇಳುವ ಮಾತಿಗೆ ಆಧಾರ ಇರಬೇಕು. ಫ್ರೆಂಚಿನಲ್ಲಿ ಕಂಪನಿ ಎಷ್ಟು ಹೇಳಿದೆಯೋ ಅಷ್ಟಕ್ಕೇ ನಿಲ್ಲುತ್ತೇನೆ. ಶೇಕಡಾವಾರು ಅಂಕಿಯ ಪಕ್ಕದ ನಕ್ಷತ್ರ ಚಿಹ್ನೆ ಮತ್ತು ಅದರ ಅಡಿಟಿಪ್ಪಣಿ ಉಳಿದಿವೆಯೇ ಎಂದೂ ನೋಡುತ್ತೇನೆ.

ಫ್ರೆಂಚಿನ ‘ಸೋಂ’, ‘ಸಾ’ ಪದಗಳಿಗೆ ಅವನ, ಅವಳ, ಅದರ ಎಂಬ ಮೂರೂ ಅರ್ಥ ಇರುವುದರಿಂದ, ಅವು ಇದ್ದ ಕಡೆ ನಿಂತು ನೋಡಬೇಕು. ಕ್ರೀಮಿನ ಪರಿಮಳ ‘ಹರ್ ಫ್ರೇಗ್ರೆನ್ಸ್’ ಆಗಿಬಿಟ್ಟಿರುತ್ತದೆ.

ಘೋಷವಾಕ್ಯವನ್ನು ಮಾತ್ರ ನಾನು ತಿದ್ದುವುದಿಲ್ಲ. ಪ್ರಾಸ, ಶ್ಲೇಷೆ ಮೆಷಿನ್ ಸಾಲಿನಲ್ಲಿ ಉಳಿದಿರುವುದು ಅಪರೂಪ. ಅದನ್ನು ಅಳಿಸಿ, ಫ್ರೆಂಚ್ ಇಟ್ಟುಕೊಂಡು ಹೊಸದಾಗಿ ಬರೆಯುತ್ತೇನೆ. ಆ ಭಾಗದ ಸಂಭಾವನೆಗೆ ಪದದ ಲೆಕ್ಕ ಬೇಡ, ಗಂಟೆಯ ಲೆಕ್ಕ ಎಂದು ಗ್ರಾಹಕರ ಹತ್ತಿರ ಮೊದಲೇ ಮಾತಾಡಿಕೊಳ್ಳುತ್ತೇನೆ.