‘ಕೊಡ್ತೀವಿ ಅಂದ್ರು ಅಂತ ಅಪ್ಪ ಹೇಳ್ದ’: ಎಂದು, ಅಂತ ತಿದ್ದಿದ ನನ್ನ ಅನುಭವ

ಶರಾವತಿ ಮುಳುಗಡೆಯಲ್ಲಿ ಊರು ಕಳಕೊಂಡ ಕೆಲವು ಮನೆತನದವರು ಸೇರಿ ಹಿರಿಯರ ಮಾತುಗಳನ್ನು ರೆಕಾರ್ಡ್ ಮಾಡಿಸಿ ಪುಸ್ತಕ ತಂದರು. ಕರಡು ತಿದ್ದುವ ಕೆಲಸ ಕೊನೆಗೆ ನನ್ನ ಪಾಲಿಗೆ ಬಂತು. ಶಿವಮೊಗ್ಗದಲ್ಲಿ ಡಿಟಿಪಿ ಮತ್ತು ಪ್ರೂಫ್ ಕೆಲಸ ಮಾಡುವ ನಾಲ್ಕೈದು ಜನ ಗೆಳೆಯರು, ಒಬ್ಬರ ಮಾತನ್ನು ಇನ್ನೊಬ್ಬರು ಹೇಳುವ ವಾಕ್ಯಗಳಲ್ಲಿ ಎಂದು, ಅಂತ ಎರಡನ್ನೂ ಬೆರೆಸಿ ಬರೆಯುವ ನನ್ನ ದಾರಿಯನ್ನು ಒಪ್ಪಿರಲಿಲ್ಲ. ‘ಹೀಗೆ ಬಿಟ್ಟರೆ ಆಡುಮಾತು ಅಂತಾರೆ, ಗ್ರಂಥಸ್ಥ ಆಗಲ್ಲ ಮಾರಾಯ’ ಅಂದಿದ್ದರು. ಪುಸ್ತಕ ಈಗ ಮನೆಮನೆಯಲ್ಲಿದೆ, ಯಾವ ಮನೆಯಿಂದಲೂ ‘ನಮ್ಮಜ್ಜಿ ಹಾಗೆ ಹೇಳಿರಲಿಲ್ಲ’ ಅನ್ನುವ ಫೋನ್ ಬಂದಿಲ್ಲ. ಇದೇ ಕೆಲಸ ಮಾಡುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನನಗಿಂತ ಮೊದಲು ತಿದ್ದಿದವರು ಇಂಗ್ಲಿಷ್ ಪಾಠ ಹೇಳಿ ಪಳಗಿದವರು. ಹೊರಗಿನ ‘ಹೇಳಿದ’ ಭೂತಕಾಲವಾದರೆ ಒಳಗಿನ ಕ್ರಿಯಾಪದವೂ ಒಂದು ಮೆಟ್ಟಿಲು ಹಿಂದೆ ಸರಿಯಬೇಕು ಎನ್ನುವ ಲೆಕ್ಕವನ್ನು ಕನ್ನಡಕ್ಕೂ ಹಚ್ಚಿದ್ದರು. ಅದರ ಫಲ ಎರಡು ಫಾರಂ ಅಚ್ಚಾದ ಮೇಲೆ ಗೊತ್ತಾಯಿತು. ಮೂವತ್ತೆರಡು ಪುಟ ರದ್ದಿಗೆ ಹೋಯಿತು, ಕಾಗದ ಮತ್ತು ಅಚ್ಚಿನ ಕೂಲಿ ಸೇರಿ ಆರೇಳು ಸಾವಿರ ನಷ್ಟ ಎಂದು ನೆನಪು. ಗಲಾಟೆ ಎದ್ದದ್ದು ಒಂದೇ ವಾಕ್ಯವೃಂದಕ್ಕೆ. ಅದನ್ನೇ ಬಿಡಿಸಿ ತೋರಿಸುತ್ತೇನೆ.

ಟೇಪಿನಲ್ಲಿ ಸಾಗರದ ಕಡೆಯ ಅಜ್ಜಿಯೊಬ್ಬರು ಹೇಳಿದ್ದು ಹೀಗೆ: ‘ಅಮಲ್ದಾರ್ರು ಬಂದು, ನಿಮಗೆ ಬೇರೆ ಕಡೆ ಜಮೀನು ಕೊಡ್ತೀವಿ, ಹೆದರ್ಬೇಡಿ ಅಂದ್ರು ಅಂತ ನಮ್ಮಪ್ಪ ಮನೇಲಿ ಹೇಳ್ದ. ನಾನು ಮಾತ್ರ ಇಲ್ಲಿಂದ ಏಳಲ್ಲ ಅಂದಿದ್ದೆ ಅಂತಾನೂ ಹೇಳ್ದ.’

ಅಚ್ಚಾದದ್ದು ಹೀಗೆ: ‘ತಮಗೆ ಬೇರೆ ಕಡೆ ಜಮೀನು ಕೊಡುತ್ತಿದ್ದರು ಎಂದು ಅಮಲ್ದಾರರು ಹೇಳಿದರೆಂದು ತಂದೆ ಹೇಳಿದರು. ನಾನು ಮಾತ್ರ ಇಲ್ಲಿಂದ ಏಳುವುದಿಲ್ಲ ಎಂದು ಹೇಳಿದ್ದೆ.’

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚೆ ಅಧಿಕಾರಿ ಕೊಟ್ಟ ಮಾತು ‘ಕೊಡ್ತೀವಿ’, ಅಂದರೆ ಮುಂದೆ ಆಗಬೇಕಾದದ್ದು. ‘ಕೊಡುತ್ತಿದ್ದರು’ ಎಂದ ಕೂಡಲೇ ಅದು ಆಗಲೇ ನಡೆಯುತ್ತಿದ್ದ ಕೆಲಸವಾಯಿತು. ಜಮೀನಿಗಾಗಿ ವರ್ಷಗಟ್ಟಲೆ ಅಲೆದ ಮನೆಯವರು ಇದನ್ನು ಓದಿ ಸುಮ್ಮನಿರುತ್ತಾರೆಯೇ? ‘ತಮಗೆ’ ಬೇರೆ ಗೊಂದಲ: ಅದು ಅಮಲ್ದಾರರಿಗೇ ಜಮೀನು ಸಿಗುವಂತೆ ಓದಿಸಿಕೊಳ್ಳುತ್ತದೆ. ಇನ್ನು ಎರಡನೇ ವಾಕ್ಯದ ಹೊರಗಿನ ‘ಅಂತ ಹೇಳ್ದ’ ಬಿದ್ದುಹೋಗಿ, ಅಪ್ಪನ ಹಟ ಮಗಳ ಹಟವಾಯಿತು. ಆಗ ಆಕೆ ಎಂಟೊಂಬತ್ತು ವರ್ಷದ ಹುಡುಗಿ.

ಕೆಲಸ ನನ್ನ ಕೈಗೆ ಬಂದಾಗ ಮೊದಲು ಎರಡು ದಾರಿ ಪರೀಕ್ಷಿಸಿದೆ, ಎರಡೂ ನಿಲ್ಲಲಿಲ್ಲ. ಒಂದು, ಎಲ್ಲವನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕುವುದು. ಅಜ್ಜಿಯ ಮಾತಿನೊಳಗೆ ಅಪ್ಪನ ಮಾತು, ಅದರೊಳಗೆ ಅಮಲ್ದಾರರ ಮಾತು, ಮೂರು ಪದರ ಚಿಹ್ನೆ. ಓದುವವನಿಗೆ ಎಲ್ಲಿ ಯಾರ ಮಾತು ಮುಗಿಯಿತು ಎಂದೇ ತಿಳಿಯುವುದಿಲ್ಲ. ಅದೂ ಅಲ್ಲದೆ, ಅರವತ್ತು ವರ್ಷದ ಹಿಂದಿನ ಮಾತು ಅಕ್ಷರಶಃ ಹಾಗೇ ಇತ್ತು ಎಂದು ಚಿಹ್ನೆ ಸಾಕ್ಷಿ ನುಡಿಯುತ್ತದೆ. ಅಜ್ಜಿ ಆ ಭಾರ ಹೊತ್ತಿರಲಿಲ್ಲ.

ಇನ್ನೊಂದು, ಪತ್ರಿಕೆಯವರ ನೆಚ್ಚಿನ ‘ಉದಾಗಿ’. ‘ಜಮೀನು ಕೊಡುವುದಾಗಿ ಅಮಲ್ದಾರರು ಹೇಳಿದ್ದಾಗಿ ತಂದೆ ತಿಳಿಸಿದರು.’ ಪೊಲೀಸ್ ಠಾಣೆಯ ಹೇಳಿಕೆಯಂತೆ ಕೇಳುತ್ತದೆ ಎನ್ನುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಎಂದರೆ ‘ಕೊಡುವುದಾಗಿ’ಯಲ್ಲಿ ಕೊಡುವವರು ನಾವೋ ಅವರೋ ಎಂದು ತೋರಿಸುವ ಪುರುಷವೇ ಇಲ್ಲ. ಇನ್ನೊಂದು ಟೇಪಿನಲ್ಲಿ ಬೇರೆ ಊರಿನ ಹಿರಿಯರು ‘ಜಮೀನು ಕೊಡ್ತಾರೆ ಅಂದ್ರು’ ಎಂದಿದ್ದರು. ಒಂದು ಕಡೆ ಅಧಿಕಾರಿ ‘ಕೊಡ್ತೀವಿ’ ಎಂದು ಹೊಣೆ ಹೊತ್ತ, ಇನ್ನೊಂದು ಕಡೆ ‘ಕೊಡ್ತಾರೆ’ ಎಂದು ಮೇಲಿನವರ ಕಡೆ ಕೈ ತೋರಿಸಿದ. ‘ಕೊಡುವುದಾಗಿ’ ಹಾಕಿದರೆ ಎರಡೂ ಒಂದೇ ಆಗಿಬಿಡುತ್ತವೆ. ಈ ಪುಸ್ತಕಕ್ಕೆ ಆ ವ್ಯತ್ಯಾಸವೇ ಜೀವ.

ಕೊನೆಗೆ ದಾರಿ ಸಿಕ್ಕಿದ್ದು ಟೇಪನ್ನೇ ಮತ್ತೆ ಮತ್ತೆ ಕೇಳಿ. ‘ನಂಗೆ ದುಡ್ಡು ಕೊಡ್ತೀನಿ ಅಂದ’ ಎಂದು ನಾವು ದಿನಾ ಹೇಳುತ್ತೇವೆ. ಇಲ್ಲಿ ‘ನಂಗೆ’ ಅನ್ನುವುದು ಈಗ ಹೇಳುತ್ತಿರುವ ನಾನು. ‘ಕೊಡ್ತೀನಿ’ಯಲ್ಲಿರುವ ನಾನು ಮಾತ್ರ ಅವನು. ಸರ್ವನಾಮ ವರದಿ ಮಾಡುವವನ ಕಡೆ ವಾಲಿದೆ, ಕ್ರಿಯಾಪದ ಆಡಿದವನ ಬಾಯಲ್ಲೇ ಉಳಿದಿದೆ. ಯಾರಿಗೂ ಗೊಂದಲವಿಲ್ಲ. ‘ತಾನು ಬರುತ್ತೇನೆ ಎಂದ’ ಎನ್ನುವುದೂ ಇದೇ ಕಟ್ಟು: ನಾನು ಹೋಗಿ ತಾನು ಆಯಿತು, ‘ಬರುತ್ತೇನೆ’ ಅಲುಗಲಿಲ್ಲ. ಇದನ್ನು ‘ತಾನು ಬರುತ್ತಾನೆ ಎಂದ’ ಎಂದು ತಿದ್ದುವವರಿದ್ದಾರೆ, ನನ್ನ ಕಿವಿಗೆ ಅದು ಸೇರುವುದಿಲ್ಲ. ‘ಅವನು ಬರುತ್ತಾನೆ ಎಂದ’ ಅಂದರಂತೂ ಬರುವವನು ಬೇರೆಯವನೇ ಆಗಿಬಿಡುತ್ತಾನೆ.

ಹಾಗಾಗಿ ನಾನು ಹಿಡಿದದ್ದು ಇಷ್ಟೇ: ಎಂದು, ಅಂತದ ಒಳಗಿನ ಕ್ರಿಯಾಪದದ ಕಾಲವನ್ನೂ ಪುರುಷವನ್ನೂ ಮುಟ್ಟುವುದಿಲ್ಲ, ‘ಕೊಡ್ತೀವಿ’ಯನ್ನು ‘ಕೊಡುತ್ತೇವೆ’ ಎಂದು ಬರಹದ ರೂಪಕ್ಕೆ ತರುವುದು ಮಾತ್ರ. ಸರ್ವನಾಮವನ್ನು ಬೇಕಾದಲ್ಲಿ ಮಾತ್ರ ಸರಿಸುತ್ತೇನೆ. ಅಜ್ಜಿಯ ವಾಕ್ಯ ಹೀಗಾಯಿತು: ‘ನಮಗೆ ಬೇರೆ ಕಡೆ ಜಮೀನು ಕೊಡುತ್ತೇವೆ, ಹೆದರಬೇಡಿ ಎಂದು ಅಮಲ್ದಾರರು ಬಂದು ಹೇಳಿದರಂತ ಅಪ್ಪ ಮನೆಯಲ್ಲಿ ಹೇಳಿದ. ತಾನು ಮಾತ್ರ ಇಲ್ಲಿಂದ ಏಳುವುದಿಲ್ಲ ಎಂದಿದ್ದೆ ಅಂತಲೂ ಹೇಳಿದ.’ ಒಳಪದರಕ್ಕೆ ಎಂದು, ಹೊರಪದರಕ್ಕೆ ಅಂತ. ಎರಡು ‘ಎಂದು’ ಒಂದರ ಬೆನ್ನಿಗೊಂದು ಬಂದಾಗಲೇ ಓದುಗ ಎಡವುವುದು. ಈ ಎಂದು, ಅಂತ ಬೆರಕೆಯನ್ನೇ ಗೆಳೆಯರು ಆಕ್ಷೇಪಿಸಿದ್ದು.

‘ಏಳಲ್ಲ’ ಯಾರ ಮಾತು ಎಂದು ಖಚಿತ ಮಾಡಿಕೊಂಡದ್ದು ಹೇಗೆ ಎಂದು ಕೇಳಬಹುದು. ‘ಇಲ್ಲ’ ಬಂದಲ್ಲಿ ಪುರುಷದ ಗುರುತೇ ಇರುವುದಿಲ್ಲ. ನಾನು ಏಳಲ್ಲ, ನೀನು ಏಳಲ್ಲ, ಅವನು ಏಳಲ್ಲ, ಎಲ್ಲ ಒಂದೇ. ಬೇಕು, ಬಹುದು, ಗೊತ್ತು ಇವೂ ಹಾಗೆಯೇ. ತಪ್ಪು ಅಡಗಿ ಕೂರುವುದು ಇಂಥ ಕಡೆ, ಅದಕ್ಕೆ ಇಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಕೊಂಡು ಹೋದೆ. ಆಮೇಲೆ ಅಜ್ಜಿಗೆ ಫೋನ್ ಮಾಡಿ ಕೇಳಿದೆ, ‘ಅಜ್ಜೀ, ಏಳಲ್ಲ ಅಂತ ಯಾರು ಅಂದಿದ್ದಂತೆ?’ ಥಟ್ಟನೆ ಉತ್ತರ ಬಂತು: ‘ನಮ್ಮಪ್ಪ ಅಂದಿದ್ನಂತೆ.’

ಈ ‘ಅಂತೆ’ ನನಗೆ ಸಿಕ್ಕ ದೊಡ್ಡ ಆಯುಧ. ‘ಬರ್ತೀನಿ ಅಂದ’ ಎನ್ನುವುದನ್ನು ಅಂತೆಗೆ ತಿರುಗಿಸಿದರೆ ‘ಬರ್ತಾನಂತೆ’ ಆಗುತ್ತದೆ. ಅಂದ, ಅಂತ ಇದ್ದಲ್ಲಿ ಕ್ರಿಯಾಪದ ಆಡಿದವನ ಬಾಯಲ್ಲಿ ಉಳಿಯುತ್ತದೆ, ಅಂತೆ ಬಂದರೆ ಈಗ ಹೇಳುತ್ತಿರುವವರ ಲೆಕ್ಕಕ್ಕೆ ಬರುತ್ತದೆ. ಅನುಮಾನದ ವಾಕ್ಯವನ್ನು ಅಂತೆಗೆ ಹಾಕಿಸಿದರೆ ಕರ್ತೃ ಯಾರೆಂದು ಹೇಳಿದವರೇ ಬಿಚ್ಚಿಡುತ್ತಾರೆ. ‘ಬರ್ತಾನೆ ಅಂತ ಹೇಳಿದ’ ಎನ್ನುವ ತಪ್ಪು ಎಲ್ಲಿಂದ ನುಸುಳುತ್ತದೆ ಎನ್ನುವುದಕ್ಕೂ ನನ್ನ ಅಂದಾಜು ಇದೇ: ಟೈಪ್ ಮಾಡುವವರ ಕಿವಿಯಲ್ಲಿ ‘ಬರ್ತಾನಂತೆ’ ಇರುತ್ತದೆ, ಬೆರಳು ‘ಅಂತ’ ಒತ್ತುತ್ತದೆ. ಹೇಳುವವರು ತಾವೇ ಕಣ್ಣಾರೆ ಕಂಡದ್ದಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ಅವರು ಅಂತೆ ಬಳಸುವುದೇ ಇಲ್ಲ.

ಕಾಲಕ್ಕೆ ಬೇರೆ ಪರೀಕ್ಷೆ. ಎಲ್ಲ ‘ತ್ತಿದ್ದರು ಎಂದು’ ಹುಡುಕಿ ಒಂದೇ ಏಟಿಗೆ ಬದಲಾಯಿಸಲು ಹೋಗಬೇಡಿ. ‘ಹೊಳೆಯಾಚೆ ಸಂತೆಗೆ ಜನ ಸೇರುತ್ತಿದ್ದರು ಎಂದು ಅಜ್ಜ ಹೇಳುತ್ತಿದ್ದ’ ಎನ್ನುವುದರಲ್ಲಿ ಅಜ್ಜನೇ ಹಳೆಯ ಕಾಲದ ಮಾತಾಡುತ್ತಿದ್ದಾನೆ, ಅದು ಸರಿ. ಒಳಗಿನ ಮಾತನ್ನು ಬಿಡಿಸಿ, ಆ ದಿನ ಆ ಮನುಷ್ಯನ ಬಾಯಲ್ಲಿಟ್ಟು ಓದಿ. ಅಮಲ್ದಾರ ಅಂಗಳದಲ್ಲಿ ನಿಂತು ‘ಜಮೀನು ಕೊಡುತ್ತಿದ್ದರು’ ಎನ್ನುತ್ತಾನೆಯೇ? ಇಲ್ಲ. ಅಲ್ಲಿಗೆ ತೀರ್ಮಾನವಾಯಿತು.

ಹುಡುಕುವ ವಿಷಯಕ್ಕೆ ಬಂದರೆ, ಹಳೆಯ ನುಡಿ ಫಾಂಟಿನ ಫೈಲನ್ನು ಮೊದಲು ಯೂನಿಕೋಡಿಗೆ ತನ್ನಿ, ಇಲ್ಲದಿದ್ದರೆ ಹುಡುಕಾಟ ಸಾಗುವುದಿಲ್ಲ. ಬರೀ ‘ಎಂದು’ ಹುಡುಕಿದರೆ ಸಂಧಿಯಾದವು ತಪ್ಪಿಸಿಕೊಳ್ಳುತ್ತವೆ. ನಾನು ಹುಡುಕಿದವುಗಳಲ್ಲಿ ಮುಖ್ಯವಾದವು:

```
ಎಂದು
ನೆಂದು
ರೆಂದು
ವೆಂದು
ತ್ತಿದ್ದರು ಎಂದು
```

ಪೂರ್ತಿ ಪಟ್ಟಿ ಇದರ ಮೂರು ಪಟ್ಟಿದೆ. ಅದನ್ನೂ ಮೂರು ಪದರದ ವಾಕ್ಯಗಳಿಗೆ ಬಣ್ಣ ಹಚ್ಚುವ ನನ್ನ ಕ್ರಮವನ್ನೂ ಇಲ್ಲಿ ಬಿಟ್ಟುಕೊಡುವುದಿಲ್ಲ, ಅದು ನನ್ನ ಅನ್ನದ ದಾರಿ.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಹವ್ಯಕ ಮನೆಗಳ ಟೇಪುಗಳಲ್ಲಿ ‘ಎಂದು’ವಿನ ಜಾಗದಲ್ಲಿ ‘ಹೇಳಿ’ ಬರುತ್ತದೆ. ‘ಇಲ್ಲೆ ಹೇಳಿ ಹೇಳ್ದ’ ಎಂದರೆ ‘ಇಲ್ಲ ಎಂದು ಹೇಳಿದ’. ಬಯಲುಸೀಮೆಯಿಂದ ಬಂದ ಟೈಪಿಸ್ಟ್ ಹುಡುಗ ಇದನ್ನು ‘ಇಲ್ಲ, ಹೇಳಿ ಎಂದ’ ಎಂದು ಬರೆದಿದ್ದ. ಅಲ್ಲಗಳೆದವನು ಕೇಳಿಕೊಂಡವನಾದ! ಆ ಟೇಪುಗಳನ್ನೆಲ್ಲ ಒಂದೆಡೆ ಹಾಕಿ, ಮೊದಲ ‘ಹೇಳಿ’ಗೆ ಮಾತ್ರ ‘ಎಂದು’ ಹಾಕುತ್ತ ಹೋದೆ. ಹದಿನೈದಿಪ್ಪತ್ತು ಪುಟಕ್ಕೆ ಎರಡು ದಿನ ಹಿಡಿಯಿತು, ಆದರೆ ಉಳಿದ ಕಡೆಗಿಂತ ಅಲ್ಲೇ ಕೆಲಸ ಹೆಚ್ಚು ಹಸನಾಯಿತು.

ದುಡ್ಡಿನ ಮಾತು. ಪ್ರೂಫಿಗೆ ಪುಟಕ್ಕೆ 15 ರೂಪಾಯಿ ಸಿಗುತ್ತಿದ್ದ ಕಡೆ ನಾನು 40 ಕೇಳಿದೆ. ಮೊದಲು ಮುಖ ಸಿಂಡರಿಸಿದರು, ರದ್ದಿಗೆ ಹೋದ ಎರಡು ಫಾರಂ ನೆನಪಾದ ಮೇಲೆ ಒಪ್ಪಿದರು. ಇನ್ನೂರು ಚಿಲ್ಲರೆ ಪುಟಕ್ಕೆ ಎಂಟು ಸಾವಿರದ ಮೇಲೆ ಬಂತು. ಫೋನಿನ ಹೊತ್ತು, ಸಾಗರಕ್ಕೆ ಬಸ್ಸಿನ ಖರ್ಚು ಇದರಲ್ಲೇ. ಈಗ ಹೊಸ ಕೆಲಸಕ್ಕೆ ಫೋನಿನ ವಿಚಾರಣೆಗೆ ಬೇರೆ ದರ ಹೇಳುತ್ತೇನೆ.

ಒಂದು ಗಂಟು ಮಾತ್ರ ಬಿಚ್ಚಿಲ್ಲ. ಗೌರವದ ‘ತಾವು’. ‘ಮೇಷ್ಟ್ರು ತಾವು ಬರುತ್ತೇನೆ ಎಂದರು’ ಎಂದು ಬರೆದರೆ ಸರ್ವನಾಮ ಬಹುವಚನ, ಕ್ರಿಯಾಪದ ಏಕವಚನ, ಕಣ್ಣಿಗೆ ಕುಟುಕುತ್ತದೆ. ‘ತಾವು ಬರುತ್ತೇವೆ’ ಎಂದರೆ ಮೇಷ್ಟ್ರ ಜೊತೆ ಇನ್ನಾರೋ ಬಂದಂತೆ. ಅಂಥ ಕಡೆ ಸರ್ವನಾಮವನ್ನೇ ತೆಗೆದು ‘ಬರುತ್ತೇನೆ ಎಂದು ಮೇಷ್ಟ್ರು ಹೇಳಿದರು’ ಎಂದು ಮುಗಿಸುತ್ತೇನೆ. ಸರ್ವನಾಮ ಬೇಕೇ ಬೇಕು ಎನ್ನುವ ಕಡೆ, ಅದೂ ಆಡಿದವರು ಒಬ್ಬರೇ ಎಂದು ಖಚಿತವಿದ್ದರೆ ಮಾತ್ರ, ‘ತಾವು ಬರುವುದಾಗಿ’ಗೆ ಜಾಗ ಕೊಟ್ಟಿದ್ದೇನೆ. ಇಡೀ ಪುಸ್ತಕದಲ್ಲಿ ಅಂಥವು ಹತ್ತು ಹನ್ನೆರಡು ಇರಬಹುದು.