ಪೈ ಚಾರ್ಟ್ ಒಳಗೆ ಕೂತಿದ್ದ ರೇಟ್ ಪಟ್ಟಿ

ತಿಂಗಳ ಖರ್ಚಿನ ವರದಿ ಮಾಡಿ ಎಲ್ಲ ವಿಭಾಗಗಳಿಗೂ ಕಳಿಸುವುದು ನನ್ನ ಕೆಲಸ. ಎಂಟು ಹತ್ತು ಸ್ಲೈಡ್, ನಾಲ್ಕು ಚಾರ್ಟ್. ಒಂದು ಸಲ ಕಳಿಸಿ ಅರ್ಧ ಗಂಟೆಯೂ ಆಗಿರಲಿಲ್ಲ, ಬೇರೆ ವಿಭಾಗದ ಸಹೋದ್ಯೋಗಿಯ ಫೋನ್ ಬಂತು. "ನಿಮ್ಮ ಪೈ ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ, Edit Data ಒತ್ತಿ ನೋಡಿ. ಸಪ್ಲೈಯರ್‌ಗಳು ಕೊಟ್ಟ ರೇಟೆಲ್ಲ ಕಾಣ್ತಿದೆ" ಅಂದರು.

ನೋಡಿದರೆ ನಿಜ. ಎಕ್ಸೆಲ್‌ನಿಂದ ಚಾರ್ಟ್ ತಂದು ಪೇಸ್ಟ್ ಮಾಡುವಾಗ Embed Workbook ಆರಿಸಿದ್ದೆ. ಆಗ ಚಾರ್ಟ್ ಮಾತ್ರ ಬರುವುದಿಲ್ಲ, ಇಡೀ ವರ್ಕ್‌ಬುಕ್ ಜೊತೆಗೆ ಬಂದು ಕೂರುತ್ತದೆ. ನಾನು ಹೈಡ್ ಮಾಡಿಟ್ಟಿದ್ದ ಶೀಟ್ ಕೂಡ. ಮೇಲ್ ವಾಪಸ್ ಕರೆಸಲು ನೋಡಿದೆ, ಆದರೆ ಅಷ್ಟರಲ್ಲಿ ಎಷ್ಟೋ ಜನ ಡೌನ್‌ಲೋಡ್ ಮಾಡಿಕೊಂಡಿದ್ದರು.

ಈಗ ಚಾರ್ಟ್‌ಗಳನ್ನು ಚಿತ್ರವಾಗಿಯೇ ಪೇಸ್ಟ್ ಮಾಡುತ್ತೇನೆ. ಕಳಿಸುವ ಮುಂಚೆ ಫೈಲಿನ ಒಂದು ಪ್ರತಿ ತೆಗೆದು, `.pptx` ಇರುವಲ್ಲಿ `.zip` ಅಂತ ಬದಲಿಸಿ ತೆರೆಯುತ್ತೇನೆ. ಒಳಗೆ `ppt/embeddings` ಅನ್ನೋ ಫೋಲ್ಡರ್‌ನಲ್ಲಿ ಎಕ್ಸೆಲ್ ಫೈಲ್ ಇದ್ದರೆ ಎಲ್ಲೋ ಒಂದು ಚಾರ್ಟ್ ಇನ್ನೂ ಹಳೇ ರೀತಿಯಲ್ಲೇ ಇದೆ ಅಂತ ಅರ್ಥ. ಎರಡು ನಿಮಿಷದ ಕೆಲಸ. Inspect Document ಕೂಡ ಓಡಿಸುತ್ತೇನೆ. ಅದು ಕಾಮೆಂಟು, ಬರೆದವರ ಹೆಸರು ತೆಗೆಯುತ್ತದೆ. ಆದರೆ ಸ್ಲೈಡ್ ಮೇಲೆ ನಾನೇ ಟೈಪ್ ಮಾಡಿದ ಸಂಖ್ಯೆ ಗುಟ್ಟಿನದ್ದೋ ಅಲ್ಲವೋ ಅಂತ ಅದಕ್ಕೇನು ಗೊತ್ತು?

ಅಂಥದ್ದೂ ಒಂದಿತ್ತು. ಗುತ್ತಿಗೆ ಸಿಬ್ಬಂದಿಯ ಸರಾಸರಿ ಸಂಬಳ ಹಾಕುತ್ತಿದ್ದೆ. ಹೆಸರಿಲ್ಲ, ಸರಾಸರಿ ತಾನೇ ಅಂದುಕೊಂಡಿದ್ದೆ. ಒಂದು ತಿಂಗಳು 5 ಜನ, ಸರಾಸರಿ 40,000. ಮುಂದಿನ ತಿಂಗಳು ಒಬ್ಬರು ಸೇರಿ 6 ಜನ, ಸರಾಸರಿ 42,000. ಆರು ಜನರದ್ದು ಒಟ್ಟು 2,52,000, ಮೊದಲಿನ ಐವರದ್ದು 2,00,000. ಕಳೆದರೆ ಹೊಸಬರ ಸಂಬಳ 52,000! ಹಳಬರ ಸಂಬಳ ಬದಲಾಗಿಲ್ಲ ಅಂತ ಗೊತ್ತಿದ್ದವರಿಗೆ ಎರಡು ತಿಂಗಳ ವರದಿ ಪಕ್ಕಪಕ್ಕ ಇಟ್ಟರೆ ಸಾಕು.

ಹತ್ತು ಜನರಿಗಿಂತ ಕಡಿಮೆ ಇರುವ ಗುಂಪಿನ ಸರಾಸರಿ ಕೊಡಬಾರದು ಅಂತ ಮೊದಲು ನಿಯಮ ಮಾಡಿಕೊಂಡೆ. ಅದರಿಂದ ಜಾಸ್ತಿ ಉಪಯೋಗ ಆಗಲಿಲ್ಲ. ಇಪ್ಪತ್ತು ಜನರ ಗುಂಪಿಗೆ ಒಬ್ಬರು ಸೇರಿದರೂ ಇದೇ ಲೆಕ್ಕ ನಡೆಯುತ್ತದಲ್ವಾ? ಕೊನೆಗೆ ತಿಂಗಳ ಸರಾಸರಿಯನ್ನೇ ಕೈಬಿಟ್ಟೆ. ಈಗ ಎಲ್ಲ ಗುತ್ತಿಗೆ ಖರ್ಚನ್ನೂ ಸೇರಿಸಿ, ಮೂರು ತಿಂಗಳಿಗೊಮ್ಮೆ, ಹತ್ತಿರದ ಲಕ್ಷಕ್ಕೆ ರೌಂಡ್ ಮಾಡಿ ಒಂದೇ ಮೊತ್ತ ಕೊಡುತ್ತೇನೆ. ನಿಖರ ಅಂಕಿ ಬೇಕಾದ ಇಬ್ಬರು ಮ್ಯಾನೇಜರ್‌ಗಳಿಗೆ ಬೇರೆ ಫೈಲ್ ಇದೆ, ಬೇರೆ ಫೋಲ್ಡರ್‌ನಲ್ಲಿ.

ಅವತ್ತು ಫೋನ್ ಮಾಡಿದ ಸಹೋದ್ಯೋಗಿಗೇ ಈಗ ಮೊದಲ ಪ್ರತಿ ಕಳಿಸುತ್ತೇನೆ. ಮೊನ್ನೆ ಒಳಗೆಲ್ಲ ಕೆದಕಿ ಏನೂ ಸಿಗಲಿಲ್ಲ ಅಂದರು. ಆಮೇಲೆ ನಕ್ಕು, "ಫೈಲ್ ಹೆಸರು ಓದಿದ್ರಾ?" ಅಂತ ಕೇಳಿದರು. ಮಾತುಕತೆ ಇನ್ನೂ ಮುಗಿಯದ ಸಪ್ಲೈಯರ್ ಹೆಸರು ಅಲ್ಲೇ ಇತ್ತು.