ಸ್ಟುಡಿಯೋ ವಿಮರ್ಶೆಯಲ್ಲಿ ಅಭಿಪ್ರಾಯ ಕೊನೆಗೆ ಬರಲಿ

ಚಿತ್ರವನ್ನು ಗೋಡೆಗೆ ಹಾಕಿ "ಹೇಗಿದೆ?" ಅಂತ ಕೇಳಿದರೆ ಮಕ್ಕಳು "ಚೆನ್ನಾಗಿದೆ" ಅಂದು ಮುಗಿಸಿಬಿಡುತ್ತಾರೆ. ಕಲೆ ಕಲಿಸುವವರು ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ರೂಪಿಸಿದ ಕ್ರಮವನ್ನು ಒಮ್ಮೆ ಬಳಸಿ ನೋಡಿ.

ಮೊದಲು ನೋಡಿದವರು ತಮ್ಮ ಕಣ್ಣಿಗೆ, ಮನಸ್ಸಿಗೆ ತಾಕಿದ್ದನ್ನು ಹೇಳಲಿ. ಆಮೇಲೆ ಬಿಡಿಸಿದವರೇ ಪ್ರಶ್ನೆ ಕೇಳಲಿ. ಮುದುಕಿಯೊಬ್ಬಳ ಚಿತ್ರ ಅಂದುಕೊಳ್ಳಿ: "ಮುದುಕಿಯ ಮುಖದ ಕಡೆ ಕಣ್ಣು ಹೋಗುತ್ತಾ?" ಮೂರನೆಯದಾಗಿ ನೋಡಿದವರ ಪ್ರಶ್ನೆಗಳು. ಜಾಸ್ತಿ ಎಡವುವುದು ಇಲ್ಲೇ. "ಹಿನ್ನೆಲೆ ಯಾಕಿಷ್ಟು ಕಪ್ಪು?" ಅನ್ನುವುದು ಪ್ರಶ್ನೆಯ ವೇಷದ ತೀರ್ಪು ಅಲ್ವಾ? "ಹಿನ್ನೆಲೆಯ ಬಣ್ಣ ಆರಿಸುವಾಗ ಏನು ಯೋಚಿಸಿದೆ?" ಅಂತ ತಿರುಗಿಸಿ ಕೇಳಿಸಿ. "ಮುಖ ಎದ್ದು ಕಾಣಲಿ ಅಂತ" ಎಂಬ ಉತ್ತರ ಬಂದರೆ ಮುಂದಿನ ಮಾತಿಗೆ ಗುರಿ ಸಿಕ್ಕಿತು.

ಕೊನೆಗೆ ಅಭಿಪ್ರಾಯ, ಅದೂ ಅನುಮತಿ ಕೇಳಿ: "ಹಿನ್ನೆಲೆ ಬಗ್ಗೆ ಒಂದು ಮಾತಿದೆ, ಹೇಳಲಾ?" ಬೇಡ ಅನ್ನುವ ಹಕ್ಕು ನಿಜವಾಗಿಯೂ ಇರಬೇಕು. ಹೂಂ ಅಂದರೆ ನೇರವಾಗಿ ಹೇಳಬಹುದು: "ಸೀರೆಯೂ ಅಷ್ಟೇ ಕಪ್ಪಾಗಿ ಹಿನ್ನೆಲೆಗೆ ಸೇರಿಹೋಗಿದೆ, ಮುಖ ತೇಲಿದಂತೆ ಕಾಣುತ್ತದೆ."

ಬಿಡಿಸಿದವರು ಸಮರ್ಥನೆಗೆ ಇಳಿದರೆ ತೀರ್ಪು ಬೇಗ ನುಸುಳಿದೆ ಎಂದರ್ಥ. ಆಗ ಮೂರನೇ ಹಂತಕ್ಕೆ ಮರಳಿ. ನಿಧಾನದ ಕ್ರಮ ಇದು, ಒಂದೇ ದಿನ ಇಡೀ ತರಗತಿಯ ಚಿತ್ರ ಮುಗಿಸಲು ಹೋಗಬೇಡಿ.